ಇಡುಗಂಟು ಬೇಗ ಕರಗದಿರಲು ಆರು ಸೂತ್ರಗಳು

ನಿವೃತ್ತಿಯ ದಿನ ಕೈಗೆ ಬಂದ ಮೊತ್ತ ಎಷ್ಟೆಂಬುದನ್ನು ಎಲ್ಲರೂ ನೋಡುತ್ತಾರೆ. ಅದು ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಮಾತ್ರ ಬೇರೊಂದು ಅಂಕಿ ತೀರ್ಮಾನಿಸುತ್ತದೆ: ವರ್ಷಕ್ಕೆ ಅದರಲ್ಲಿ ಶೇಕಡಾ ಎಷ್ಟು ತೆಗೆಯುತ್ತೀರಿ? 60 ವರ್ಷದ ಒಂದು ದಂಪತಿಯ ಲೆಕ್ಕ ಹಿಡಿದು ನೋಡೋಣ. ಅವರ ಬಳಿ 1 ಕೋಟಿ ರೂಪಾಯಿ ಇದೆ. ಅದಕ್ಕೆ ವರ್ಷಕ್ಕೆ ಶೇ 8 ಗಳಿಕೆ, ಬೆಲೆ ಏರಿಕೆ ಶೇ 6 ಎಂದಿಟ್ಟುಕೊಳ್ಳಿ.

1. ಖರ್ಚಲ್ಲ, ಕೊರತೆಯನ್ನು ಲೆಕ್ಕ ಹಾಕಿ
ಇವರ ತಿಂಗಳ ಖರ್ಚು 55,000. ಮಹಡಿ ಮನೆಯ ಬಾಡಿಗೆ 15,000 ಬರುತ್ತದೆ. ಉಳಿದ 40,000, ಅಂದರೆ ವರ್ಷಕ್ಕೆ 4.8 ಲಕ್ಷ, ಗಂಟಿನಿಂದ ಬರಬೇಕು. ಹಾಗಾಗಿ ಇವರ ದರ ಶೇ 4.8. ಬಡ್ಡಿಯ ಮೇಲೆ ಕಟ್ಟುವ ಆದಾಯ ತೆರಿಗೆಯನ್ನೂ ಖರ್ಚಿಗೇ ಸೇರಿಸಿ. ಬಾಡಿಗೆ ವರ್ಷ ವರ್ಷ ಏರುತ್ತದೆ. ನಿಮ್ಮ ಪಿಂಚಣಿ ಏರದಂಥದ್ದಾದರೆ ಕೊರತೆ ಬೆಲೆ ಏರಿಕೆಗಿಂತ ವೇಗವಾಗಿ ಬೆಳೆಯುತ್ತದೆ.

2. ಬಂದ ಬಡ್ಡಿಯನ್ನೆಲ್ಲ ಆದಾಯವೆಂದು ತಿಳಿಯಬೇಡಿ
ಶೇ 8 ಬಡ್ಡಿ ಎಂದರೆ ವರ್ಷಕ್ಕೆ 8 ಲಕ್ಷ. ಅಷ್ಟನ್ನೂ ಖರ್ಚು ಮಾಡಿದರೆ ಅಸಲು ಹಾಗೇ ಇರುತ್ತದೆ ನಿಜ, ಆದರೆ ಸುಮಾರು 12 ವರ್ಷಗಳಲ್ಲಿ ಆ 8 ಲಕ್ಷಕ್ಕೆ ಇಂದಿನ ಅರ್ಧದಷ್ಟು ಸಾಮಾನು ಮಾತ್ರ ಸಿಗುತ್ತದೆ. ಅದನ್ನು ಸರಿದೂಗಿಸಲು ಪ್ರತಿ ವರ್ಷ ಶೇ 6 ಹೆಚ್ಚಿಸಿ ತೆಗೆಯುತ್ತಾ ಹೋದರೆ 14 ವರ್ಷಕ್ಕೆ ಗಂಟು ಖಾಲಿ. ಬಡ್ಡಿಯಲ್ಲಿ ಬಹುಪಾಲು ಬೆಲೆ ಏರಿಕೆಯ ಪಾಲು. ಅದು ಗಂಟಿನಲ್ಲೇ ಉಳಿಯಬೇಕು.

3. ಸಣ್ಣ ಕಡಿತ, ದೊಡ್ಡ ಕಂತು: ಎರಡನ್ನೂ ವರ್ಷಗಳಲ್ಲಿ ಅಳೆಯಿರಿ
ಶೇ 4.8ರ ದರದಲ್ಲಿ ತೆಗೆದರೆ ನಮ್ಮ ದಂಪತಿಗೆ ಹಣ 26 ವರ್ಷ, ಅಂದರೆ 86ರ ತನಕ ಬರುತ್ತದೆ. ತಿಂಗಳಿಗೆ 5,000 ಮಾತ್ರ ಕಡಿಮೆ ಮಾಡಿದರೆ ದರ ಶೇ 4.2ಕ್ಕೆ ಇಳಿದು 31 ವರ್ಷ ಬಾಳುತ್ತದೆ. ಬದಲಿಗೆ, ಮಗನ ಸೈಟಿಗೆಂದು ಮೊದಲೇ 20 ಲಕ್ಷ ಕೊಟ್ಟರೆ? ಉಳಿದ 80 ಲಕ್ಷದ ಮೇಲೆ ಅದೇ 4.8 ಲಕ್ಷ ಎಂದರೆ ಶೇ 6. ಆಗ 80 ತುಂಬುವ ಹೊತ್ತಿಗೆ ಕೈ ಬರಿದು. ಹಾಗೆ ಕೊಡುವುದು ತಪ್ಪೇನಲ್ಲ. ಅದರ ಬೆಲೆ 20 ಲಕ್ಷವಷ್ಟೇ ಅಲ್ಲ, ಆರು ವರ್ಷದ ಸಂಸಾರದ ಖರ್ಚು ಎಂಬುದು ಗೊತ್ತಿರಲಿ.

4. 'ಶೇ 4' ಸೂತ್ರ ಯಾರ ಲೆಕ್ಕ ಎಂದು ತಿಳಿದು ಬಳಸಿ
ಮೊದಲ ವರ್ಷ ಶೇ 4 ತೆಗೆದು, ಆಮೇಲೆ ಬೆಲೆ ಏರಿದಷ್ಟು ಹೆಚ್ಚಿಸುತ್ತಾ ಹೋದರೆ 30 ವರ್ಷ ತೊಂದರೆಯಿಲ್ಲ ಎಂಬ ಮಾತು 1994ರಲ್ಲಿ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗನ್ ಬರೆದ ಲೇಖನದಿಂದ ಬಂದದ್ದು. ಅವರು ಆಧರಿಸಿದ್ದು ಅಮೆರಿಕದ ಷೇರು, ಬಾಂಡ್ ಮತ್ತು ಬೆಲೆಗಳ ಇತಿಹಾಸವನ್ನು. ಗಂಟಿನ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಭಾಗ ಷೇರಿನಲ್ಲಿರಬೇಕೆಂದೂ ಸೂಚಿಸಿದ್ದರು. ಎಲ್ಲವನ್ನೂ ಠೇವಣಿಯಲ್ಲಿಟ್ಟವರಿಗೆ ಈ ಭರವಸೆ ಅನ್ವಯಿಸದು. ತೆರಿಗೆ ಕಳೆದ ಬಡ್ಡಿ ಬೆಲೆ ಏರಿಕೆಯಷ್ಟೇ ಇದ್ದರೆ ಶೇ 4 ಸರಿಯಾಗಿ 25 ವರ್ಷಕ್ಕೆ ಮುಗಿಯುತ್ತದೆ.

5. ಮೊದಲ ವರ್ಷಗಳ ಕುಸಿತಕ್ಕೆ ತಯಾರಿರಿ
ಷೇರಿನಲ್ಲಿ ಹಣವಿದ್ದರೆ ಸರಾಸರಿ ಗಳಿಕೆ ಎಷ್ಟು ಎಂಬುದಷ್ಟೇ ಅಲ್ಲ, ಕುಸಿತ ಯಾವಾಗ ಬಂತು ಎಂಬುದೂ ಮುಖ್ಯ. ನಮ್ಮ ದಂಪತಿ 4.8 ಲಕ್ಷ ತೆಗೆದ ಮೊದಲ ವರ್ಷವೇ ಗಂಟಿನ ಮೌಲ್ಯ ಶೇ 20 ಇಳಿದರೆ 76 ಲಕ್ಷ ಉಳಿಯುತ್ತದೆ. ಮರುವರ್ಷ 5.09 ಲಕ್ಷ ಬೇಕು. ದರ ಒಮ್ಮೆಗೇ ಶೇ 6.7. ಇಳಿದ ಬೆಲೆಗೆ ಮಾರಿದ ಯೂನಿಟ್‌ಗಳು ಪೇಟೆ ಚೇತರಿಸಿಕೊಂಡಾಗ ನಿಮ್ಮ ಬಳಿ ಇರುವುದಿಲ್ಲ. ಅದಕ್ಕೇ ಎರಡು ಮೂರು ವರ್ಷದ ಕೊರತೆಯಷ್ಟು ಹಣ ಎಫ್‌.ಡಿ.ಯಂಥ ಅಲುಗಾಡದ ಕಡೆ ಇರಲಿ. ಪೇಟೆ ಬಿದ್ದಾಗ ಅಲ್ಲಿಂದ ತೆಗೆಯಿರಿ.

6. ಪ್ರತಿ ಏಪ್ರಿಲ್‌ನಲ್ಲಿ ಒಂದು ಭಾಗಾಕಾರ
ಉಳಿದ ಗಂಟನ್ನು ಆ ವರ್ಷ ತೆಗೆಯಬೇಕಾದ ಮೊತ್ತದಿಂದ ಭಾಗಿಸಿ. ಗಳಿಕೆ ಬೆಲೆ ಏರಿಕೆಗೆ ಸಮನಾಗಿದ್ದರೆ ಹಣ ಅಷ್ಟು ವರ್ಷ ಬರುತ್ತದೆ. ಈ ಉತ್ತರ ವರ್ಷಕ್ಕೆ ಒಂದರಷ್ಟು ಇಳಿಯುವುದು ಸಹಜ. ಎರಡು ಅಥವಾ ಹೆಚ್ಚು ಇಳಿದರೆ ಎಚ್ಚರಿಕೆ. ಮೇಲಿನ ಕುಸಿತದಲ್ಲಿ ಅದು 21ರಿಂದ 15ಕ್ಕೆ ಬಿದ್ದಿದೆ. ಅಂಥ ವರ್ಷ ಬೆಲೆ ಏರಿಕೆಯ ಹೆಚ್ಚಳ ಕೈಬಿಟ್ಟು ಹಳೆಯ 4.8 ಲಕ್ಷವನ್ನೇ ತೆಗೆಯಿರಿ. ಪ್ರವಾಸ, ಹೊಸ ಕಾರು ಮುಂದಕ್ಕೆ ಹೋಗಲಿ; ಔಷಧಿಯ ಖರ್ಚಿಗೆ ಕತ್ತರಿ ಬೇಡ. ಆ ಒಂದು ಹೆಚ್ಚಳ ಬಿಟ್ಟದ್ದರಿಂದಲೇ ಉತ್ತರ ಸುಮಾರು 16ಕ್ಕೆ ಮರಳುತ್ತದೆ.