ಸಕ್ಕರೆಯ ಅಂಕಿಯ ಹಿಂದಿನ ಶ್ರಮ: ಖಾಲಿ ಹೊಟ್ಟೆಯ ಇನ್ಸುಲಿನ್ ಪರೀಕ್ಷೆ

ಕಳೆದ ವರ್ಷ ನಲವತ್ತೆರಡು ವಯಸ್ಸಿನ ವ್ಯಾಪಾರಿಯೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಅವರ ತಾಯಿಗೆ ಮಧುಮೇಹ. ಅಣ್ಣನಿಗೂ ಮಧುಮೇಹವಿದ್ದು, ಅದು ತಿಳಿದುಬರುವ ವೇಳೆಗೆ ಕಣ್ಣಿನ ಅಕ್ಷಿಪಟಲಕ್ಕೆ ಹಾನಿಯಾಗಿತ್ತು. ಆ ಭಯದಿಂದ ಇವರು ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದರು. ಖಾಲಿ ಹೊಟ್ಟೆಯ ಸಕ್ಕರೆ 96 ಮಿಲಿಗ್ರಾಂ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 5.5. ಎರಡೂ ಸಾಮಾನ್ಯ ಮಿತಿಯೊಳಗೇ ಇದ್ದವು. ಆದರೆ ಅವರ ಕುತ್ತಿಗೆಯ ಹಿಂಭಾಗದ ಚರ್ಮ ಕಪ್ಪಾಗಿ ದಪ್ಪಗಟ್ಟಿತ್ತು, ಸೊಂಟದ ಸುತ್ತಳತೆ 98 ಸೆಂಟಿಮೀಟರ್ ಇತ್ತು. ಇನ್ನೊಂದು ಪರೀಕ್ಷೆ ಬರೆದುಕೊಟ್ಟಾಗ ಅವರು, "ಡಾಕ್ಟರೇ, ಶುಗರ್ ನಾರ್ಮಲ್ ಐತಿ ಅಂತ ಬರದಾರಲ್ರಿ, ಮತ್ಯಾಕ್ರಿ ಇನ್ನೊಂದು ಪರೀಕ್ಷೆ?" ಎಂದು ಕೇಳಿದರು. ಅವರ ಪ್ರಶ್ನೆಗೆ ಉತ್ತರವೇ ಈ ಲೇಖನ.

ಇನ್ಸುಲಿನ್ ಮೇದೋಜೀರಕ ಗ್ರಂಥಿಯಲ್ಲಿ ಉತ್ಪತ್ತಿಯಾಗುವ ರಸದೂತ. ಉಂಡ ನಂತರ ರಕ್ತಕ್ಕೆ ಸೇರಿದ ಸಕ್ಕರೆಯನ್ನು ಸ್ನಾಯು ಹಾಗೂ ಮೇದಸ್ಸಿನ ಜೀವಕೋಶಗಳು ಒಳಗೆ ತೆಗೆದುಕೊಳ್ಳುವಂತೆ ಅದು ಮಾಡುತ್ತದೆ. ರಾತ್ರಿ ನಾವು ನಿದ್ರಿಸುವಾಗ ಯಕೃತ್ತು ರಕ್ತಕ್ಕೆ ಸಕ್ಕರೆಯನ್ನು ಬಿಡುತ್ತಿರುತ್ತದೆ. ಅದು ಮಿತಿ ಮೀರದಂತೆ ತಡೆಯುವುದೂ ಇನ್ಸುಲಿನ್ನಿನ ಕೆಲಸವೇ. ಹೊಟ್ಟೆಯ ಸುತ್ತ ಮತ್ತು ಯಕೃತ್ತಿನೊಳಗೆ ಕೊಬ್ಬು ಸಂಗ್ರಹವಾದಾಗ ಈ ಅಂಗಗಳು ಇನ್ಸುಲಿನ್ನಿನ ಆಜ್ಞೆಗೆ ಸರಿಯಾಗಿ ಕಿವಿಗೊಡುವುದಿಲ್ಲ. ಇದೇ ಇನ್ಸುಲಿನ್ ಪ್ರತಿರೋಧ. ಆಗ ಮೇದೋಜೀರಕ ಗ್ರಂಥಿಯು ಸುಮ್ಮನಿರದೆ ಎರಡು ಪಟ್ಟು, ಮೂರು ಪಟ್ಟು ಇನ್ಸುಲಿನ್ ಸುರಿಸಿ ಸಕ್ಕರೆಯನ್ನು ಹತೋಟಿಯಲ್ಲಿ ಇಡುತ್ತದೆ.

ಏರುದಾರಿಯಲ್ಲಿ ಸಾಗುವ ಎರಡು ಎತ್ತಿನ ಗಾಡಿಗಳನ್ನು ನೆನೆಯಿರಿ. ಎರಡರ ವೇಗವೂ ಒಂದೇ. ಒಂದರ ಎತ್ತುಗಳು ನಿರಾಯಾಸವಾಗಿ ನಡೆಯುತ್ತಿವೆ, ಇನ್ನೊಂದರ ಎತ್ತುಗಳು ನೊರೆ ಕಾರುತ್ತ ಎಳೆಯುತ್ತಿವೆ. ಸಕ್ಕರೆಯ ಅಂಕಿ ಗಾಡಿಯ ವೇಗವನ್ನು ಮಾತ್ರ ಹೇಳುತ್ತದೆ. ಎತ್ತುಗಳ ದಣಿವನ್ನು ಹೇಳುವುದು ಇನ್ಸುಲಿನ್ನಿನ ಅಂಕಿ. ಗ್ರಂಥಿಯು ಹಲವು ವರ್ಷ ಹೀಗೆ ದುಡಿದು ಸೋತಾಗಲೇ ಸಕ್ಕರೆ ಏರತೊಡಗುತ್ತದೆ.

ಆ ವ್ಯಾಪಾರಿಯ ಖಾಲಿ ಹೊಟ್ಟೆಯ ಇನ್ಸುಲಿನ್ ಪ್ರತಿ ಮಿಲಿಲೀಟರಿಗೆ 18 ಮೈಕ್ರೋಯೂನಿಟ್ ಇತ್ತು. ಅನೇಕ ಪ್ರಯೋಗಾಲಯಗಳು ಸುಮಾರು 25ರವರೆಗೂ ಸಾಮಾನ್ಯವೆಂದೇ ಮುದ್ರಿಸುವುದರಿಂದ ವರದಿಯಲ್ಲಿ ಇದಕ್ಕೂ ಯಾವ ಎಚ್ಚರಿಕೆಯ ಗುರುತು ಇರಲಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಅಂಕಿಗಳು ನಿರ್ದೋಷಿಗಳು. ಎರಡನ್ನೂ ಕೂಡಿಸಿ ನೋಡುವ ವಿಧಾನವನ್ನು 1985ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಡೇವಿಡ್ ಮ್ಯಾಥ್ಯೂಸ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದರು. ವರದಿಗಳಲ್ಲಿ ಅದನ್ನು ಹೋಮಾ-ಐಆರ್ ಎಂದು ಕರೆಯುತ್ತಾರೆ. ಲೆಕ್ಕ ಸುಲಭ. ಒಂದೇ ಬಾರಿ ತೆಗೆದ ರಕ್ತದ ಸಕ್ಕರೆಯನ್ನು ಇನ್ಸುಲಿನ್ನಿನಿಂದ ಗುಣಿಸಿ 405ರಿಂದ ಭಾಗಿಸಬೇಕು.

96 × 18 = 1728; 1728 ÷ 405 = 4.3.

ಅದೇ 96 ಸಕ್ಕರೆಯಿದ್ದು ಇನ್ಸುಲಿನ್ 6 ಮಾತ್ರ ಇರುವ ವ್ಯಕ್ತಿಯ ಸೂಚ್ಯಂಕ 1.4 ಆಗುತ್ತದೆ. ಸಕ್ಕರೆಯ ವರದಿಯಲ್ಲಿ ಇವರಿಬ್ಬರೂ ಸಮಾನರು. ಆದರೆ ಒಬ್ಬರ ಗ್ರಂಥಿ ಮತ್ತೊಬ್ಬರದಕ್ಕಿಂತ ಬಹಳ ಹೆಚ್ಚು ದುಡಿಯುತ್ತಿದೆ. ಸರ್ವಸಮ್ಮತವಾದ ಮಿತಿರೇಖೆ ಇಲ್ಲವಾದರೂ, ಸೂಚ್ಯಂಕವು 2.5ನ್ನು ದಾಟಿದರೆ ಪ್ರತಿರೋಧವಿರಬಹುದೆಂದು ಅನೇಕ ವೈದ್ಯರು ಎಣಿಸುತ್ತಾರೆ.

ಆಯುರ್ವೇದದಲ್ಲಿ ಪ್ರಮೇಹದ ಪೂರ್ವರೂಪಗಳನ್ನು, ಅಂದರೆ ರೋಗ ಪ್ರಕಟವಾಗುವ ಮೊದಲಿನ ಲಕ್ಷಣಗಳನ್ನು, ಪ್ರತ್ಯೇಕವಾಗಿ ವರ್ಣಿಸಲಾಗಿದೆ. ಅವುಗಳಿಗೂ ಈ ಸೂಚ್ಯಂಕಕ್ಕೂ ನೇರ ಸಮೀಕರಣ ಮಾಡುವುದು ಸರಿಯಲ್ಲ. ಆದರೆ ರೋಗಕ್ಕೆ ಮೊದಲು ಒಂದು ಹಂತವಿದೆ, ಅಲ್ಲಿಯೇ ಆಹಾರವಿಹಾರಗಳ ಫಲ ಹೆಚ್ಚು ಎಂಬ ದೃಷ್ಟಿ ಎರಡರಲ್ಲೂ ಒಂದೇ.

ಆ ವ್ಯಾಪಾರಿ ದಿನಕ್ಕೆ ಆರು ಬಾರಿ ಸಕ್ಕರೆ ಹಾಕಿದ ಚಹಾ ಕುಡಿಯುತ್ತಿದ್ದರು, ರಾತ್ರಿ ಅಂಗಡಿ ಮುಚ್ಚಿ ಹತ್ತು ಗಂಟೆಗೆ ಹೊಟ್ಟೆ ತುಂಬ ಅನ್ನ ಉಣ್ಣುತ್ತಿದ್ದರು. ಚಹಾವನ್ನು ಸಕ್ಕರೆಯಿಲ್ಲದೆ ಎರಡು ಬಾರಿಗೆ ಇಳಿಸಿದೆವು. ರಾತ್ರಿಯ ಊಟವನ್ನು ಮನೆಯಿಂದ ತರಿಸಿಕೊಂಡು ಎಂಟರೊಳಗೆ ಅಂಗಡಿಯಲ್ಲೇ ಮುಗಿಸುವಂತಾಯಿತು: ಒಂದು ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪು. ಎರಡೂ ಊಟಗಳ ನಂತರ ಹದಿನೈದು ನಿಮಿಷ ನಡಿಗೆ, ಬೆಳಿಗ್ಗೆ ಶಕ್ತ್ಯನುಸಾರ ಬಸ್ಕಿ. ನಡಿಗೆ ಮತ್ತು ಬಸ್ಕಿಗೆ ಕಾರಣವಿದೆ. ದುಡಿಯುವ ಸ್ನಾಯುವು ಇನ್ಸುಲಿನ್ನಿನ ನೆರವಿಲ್ಲದೆಯೂ ಸಕ್ಕರೆಯನ್ನು ಒಳಗೆ ಸೆಳೆದುಕೊಳ್ಳಬಲ್ಲದು. ಅಷ್ಟರಮಟ್ಟಿಗೆ ಗ್ರಂಥಿಗೆ ಬಿಡುವು ದೊರೆಯುತ್ತದೆ.

ಆರು ತಿಂಗಳ ನಂತರ ಅವರ ತೂಕ 84ರಿಂದ 78 ಕಿಲೋಗೆ ಇಳಿದಿತ್ತು. ಅದೇ ಪ್ರಯೋಗಾಲಯದಲ್ಲಿ ಸಕ್ಕರೆ 92, ಇನ್ಸುಲಿನ್ 9, ಸೂಚ್ಯಂಕ 2.0. ಸಕ್ಕರೆಯನ್ನಷ್ಟೇ ನೋಡಿದ್ದರೆ ನಾಲ್ಕು ಅಂಕಗಳ ಇಳಿಕೆ ಕಂಡು, ಪಟ್ಟ ಶ್ರಮ ವ್ಯರ್ಥವೆಂದು ಅವರು ಕೈಬಿಡುತ್ತಿದ್ದರೇನೋ. ಗ್ರಂಥಿಯ ಮೇಲಿನ ಭಾರ ಅರ್ಧದಷ್ಟು ಇಳಿದಿತ್ತೆಂಬುದನ್ನು ತೋರಿಸಿದ್ದು ಇನ್ಸುಲಿನ್ನಿನ ಅಂಕಿ.

ಆದರೆ ಈ ಪರೀಕ್ಷೆ ಮೋಸಗೊಳಿಸುವ ಸಂದರ್ಭಗಳೂ ಇವೆ. ಇನ್ಸುಲಿನ್ ದಿನದಿಂದ ದಿನಕ್ಕೆ ಸಹಜವಾಗಿಯೇ ಏರಿಳಿಯುತ್ತದೆ, ಅಳೆಯುವ ವಿಧಾನವೂ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬೇರೆ. ಆದ್ದರಿಂದ 2.4 ಇದ್ದದ್ದು 2.7 ಆಯಿತೆಂದು ಕಳವಳಪಡಬೇಕಿಲ್ಲ. ಹೋಲಿಸುವುದಾದರೆ ಒಂದೇ ಕಡೆ ಮಾಡಿಸಿದ ವರದಿಗಳನ್ನೇ ಹೋಲಿಸಬೇಕು. ಹತ್ತರಿಂದ ಹನ್ನೆರಡು ಗಂಟೆ ನೀರಿನ ಹೊರತು ಏನನ್ನೂ ಸೇವಿಸಿರಬಾರದು. ಬೆಳಗಿನ ಒಂದು ಲೋಟ ಚಹಾ ಕೂಡ ಇನ್ಸುಲಿನ್ನನ್ನು ಏರಿಸಿಬಿಡುತ್ತದೆ. ಕೂದಲು ಉದುರುವುದಕ್ಕೆಂದು ನುಂಗುವ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳಲ್ಲಿ ತಪ್ಪು ಅಂಕಿ ಕೊಡಿಸುತ್ತದೆ. ಸ್ಟೀರಾಯ್ಡ್ ಔಷಧಗಳು ನಿಜವಾಗಿಯೇ ಪ್ರತಿರೋಧ ಹೆಚ್ಚಿಸುತ್ತವೆ. ಇವುಗಳನ್ನು ಸೇವಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿರಿ. ವರದಿಯಲ್ಲಿ ಇನ್ಸುಲಿನ್ ಪಿಕೋಮೋಲ್ ಮಾನದಲ್ಲಿದ್ದರೆ ಅದನ್ನು 6ರಿಂದ ಭಾಗಿಸಿದ ಮೇಲೆಯೇ ಮೇಲಿನ ಲೆಕ್ಕ ಮಾಡಬೇಕು.

ಎಲ್ಲಕ್ಕಿಂತ ದೊಡ್ಡ ತಪ್ಪು, ಇನ್ಸುಲಿನ್ ಕಡಿಮೆಯಿದ್ದರೆ ಒಳ್ಳೆಯದೇ ಎಂದು ಭಾವಿಸುವುದು. ಹಲವು ವರ್ಷಗಳಿಂದ ಮಧುಮೇಹವಿರುವವರೊಬ್ಬರ ಸಕ್ಕರೆ 180, ಇನ್ಸುಲಿನ್ 5 ಎಂದುಕೊಳ್ಳಿ. ಸೂಚ್ಯಂಕ 2.2 ಮಾತ್ರ. ಇದು ಆರೋಗ್ಯವಲ್ಲ; ಎತ್ತುಗಳು ಕುಸಿದು ಕುಳಿತಿವೆ ಎಂದರ್ಥ. ಇನ್ಸುಲಿನ್ ಚುಚ್ಚುಮದ್ದು ತೆಗೆದುಕೊಳ್ಳುವವರಲ್ಲಂತೂ ಈ ಲೆಕ್ಕಕ್ಕೆ ಅರ್ಥವೇ ಇಲ್ಲ. ಮಧುಮೇಹವನ್ನು ನಿರ್ಣಯಿಸುವುದು ಇಂದಿಗೂ ಸಕ್ಕರೆ ಮತ್ತು ಎಚ್‌ಬಿಎ1ಸಿಗಳಿಂದಲೇ. ಸೂಚ್ಯಂಕ ಚೆನ್ನಾಗಿದೆಯೆಂದು ಯಾರೂ ತಾವಾಗಿ ಔಷಧ ನಿಲ್ಲಿಸಬಾರದು.

ಹಾಗಾದರೆ ಯಾರು ಮಾಡಿಸಬೇಕು? ಎಲ್ಲರಿಗೂ ಅಗತ್ಯವಿಲ್ಲ. ಸಕ್ಕರೆ ಸಾಮಾನ್ಯವಾಗಿದ್ದು, ಮನೆತನದಲ್ಲಿ ಮಧುಮೇಹವಿದ್ದವರು, ಹೊಟ್ಟೆಯ ಬೊಜ್ಜು, ಯಕೃತ್ತಿನ ಕೊಬ್ಬು ಅಥವಾ ಕುತ್ತಿಗೆಯ ಕಪ್ಪು ಇರುವವರು, ಮುಟ್ಟು ಏರುಪೇರಾಗಿ ಪಿಸಿಓಎಸ್ ಇರುವ ಹೆಣ್ಣುಮಕ್ಕಳು ತಮ್ಮ ವೈದ್ಯರೊಡನೆ ಇದರ ಬಗ್ಗೆ ವಿಚಾರಿಸಬಹುದು. ಖರ್ಚಿಗೆ ಅನುಕೂಲವಿಲ್ಲದವರು ಒಂದು ಅಳತೆಪಟ್ಟಿಯಿಂದ ಸೊಂಟವನ್ನು ಹೊಕ್ಕುಳ ಮಟ್ಟದಲ್ಲಿ ಅಳೆದುಕೊಳ್ಳಲಿ. ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರಿದ್ದರೆ, ಪರೀಕ್ಷೆಗೆ ಕಾಯದೆ ಮೇಲೆ ಹೇಳಿದ ಊಟ ಮತ್ತು ನಡಿಗೆಯ ಕ್ರಮವನ್ನು ಇಂದೇ ಆರಂಭಿಸಬಹುದು.