ಮಿತಿ ಸಾಲಿಗಲ್ಲ, ದಿನಕ್ಕೆ

ಉಡುಪಿಯಲ್ಲಿ ಕಚೇರಿ ಇಟ್ಟುಕೊಂಡು ಮಣಿಪಾಲ, ಕಾಪು, ಕಾರ್ಕಳಕ್ಕೆ ದಿನವೂ ಜನರನ್ನು ಕಳುಹಿಸುವ ಸಣ್ಣ ಸಂಸ್ಥೆಗಳಲ್ಲಿ ಖರ್ಚಿನ ಕ್ಲೇಮ್ ಶೀಟ್ ಎಂದರೆ ಸಾಮಾನ್ಯವಾಗಿ ಒಂದು ಎಕ್ಸೆಲ್ ಫೈಲು, ಅದರ ಜತೆಗೆ ಪಿನ್ ಹಾಕಿದ ಬಿಲ್ಲುಗಳ ಕಂತೆ. ಮಿತಿ ಮೀರಿದ ಮೊತ್ತ ಕೆಂಪಾಗುವಂತೆ ಹಲವರು ಮಾಡಿಕೊಂಡಿರುತ್ತಾರೆ. ಆದರೆ ಆ ಕೆಂಪು ಒಂದೊಂದು ಬಿಲ್ಲನ್ನು ಬಿಡಿಯಾಗಿ ಅಳೆಯುತ್ತದೆ. ಭತ್ಯೆ ಇರುವುದು ದಿನದ ಲೆಕ್ಕದಲ್ಲಿ. ಈ ಎರಡರ ನಡುವಿನ ಸಂದಿಯಲ್ಲೇ ಹಣ ಸೋರುತ್ತದೆ, ಜಗಳವೂ ಹುಟ್ಟುತ್ತದೆ.

ಮೊದಲು ಎರಡು ಹಾಳೆ ಮಾಡಿ. ಒಂದರ ಹೆಸರು Limits. ಅದರ A ಕಾಲಂನಲ್ಲಿ ಬಾಬತ್ತು, B ಕಾಲಂನಲ್ಲಿ ದಿನದ ಮಿತಿ. ಬಾಬತ್ತುಗಳು ಐದೇ ಸಾಕು: ಊಟ-ತಿಂಡಿ, ಬಸ್ಸು, ಆಟೊ, ವಸತಿ, ಇತರೆ. 'ಇತರೆ'ಗೆ ಬೇಕೆಂದೇ ತೀರಾ ಕಡಿಮೆ ಮಿತಿ ಇಡಬೇಕು. ಇಲ್ಲದಿದ್ದರೆ ಹೇಳಲು ಮುಜುಗರವಾಗುವ ಖರ್ಚೆಲ್ಲ ಅಲ್ಲೇ ಬಂದು ಕೂರುತ್ತದೆ. ಎರಡನೆಯದು ಕ್ಲೇಮ್ ಹಾಳೆ: A ದಿನಾಂಕ, B ನೌಕರರ ಸಂಖ್ಯೆ, C ಬಾಬತ್ತು, D ಊರು, E ಮೊತ್ತ, F ಬಿಲ್ ನಂಬರ್, G ಭತ್ಯೆಯ ಪಾಲು, H ಗುರುತು, I ಕಾರಣ. ಬಾಬತ್ತನ್ನು ಟೈಪ್ ಮಾಡಲು ಬಿಡದೆ ಪಟ್ಟಿಯಿಂದ ಆರಿಸುವಂತೆ ಮಾಡಿ. 'ಊಟ-ತಿಂಡಿ'ಯ ಕೊನೆಗೆ ಒಂದು ಖಾಲಿ ಜಾಗ ಸೇರಿದರೂ ಶೀಟ್ ಅದನ್ನು ಬೇರೆ ಬಾಬತ್ತೆಂದೇ ತಿಳಿದು #N/A ತೋರಿಸುತ್ತದೆ.

G ಕಾಲಂ ಏಕೆ? ಕಾಪುವಿಗೆ ಹೋಗಿ ಮಧ್ಯಾಹ್ನದೊಳಗೆ ಮರಳಿದವರಿಗೂ ಕಾರ್ಕಳದಲ್ಲಿ ಸಂಜೆವರೆಗೆ ಓಡಾಡಿದವರಿಗೂ ಒಂದೇ ದಿನಭತ್ಯೆ ಕೊಡುವುದು ನ್ಯಾಯವಲ್ಲ. ಇದಕ್ಕೆ ಹೊಸದಾಗಿ ಸೂತ್ರ ಹುಡುಕಬೇಕಿಲ್ಲ. 2017ರಲ್ಲಿ ಪರಿಷ್ಕರಿಸಿದ ಕೇಂದ್ರ ಸರ್ಕಾರದ ಪ್ರವಾಸಭತ್ಯೆ ನಿಯಮದಲ್ಲಿ ಕೇಂದ್ರಸ್ಥಾನದಿಂದ ಹೊರಗಿದ್ದ ಹೊತ್ತು 6 ಗಂಟೆಗಿಂತ ಕಡಿಮೆಯಾದರೆ ಊಟದ ಮೊತ್ತದ ಶೇ 30, 6ರಿಂದ 12 ಗಂಟೆಗೆ ಶೇ 70, ಅದಕ್ಕೂ ಮೀರಿದರೆ ಪೂರ್ತಿ. ಊಟದ ಸಾಲುಗಳಿಗೆ G ಕಾಲಂನಲ್ಲಿ 0.3, 0.7 ಅಥವಾ 1 ಬರೆಯಿರಿ. ಉಳಿದ ಬಾಬತ್ತುಗಳಿಗೆ ಯಾವಾಗಲೂ 1. ಬಳಿಕ H2ರಲ್ಲಿ ಈ ಸೂತ್ರ ಹಾಕಿ ಕೆಳಕ್ಕೆ ಎಳೆಯಿರಿ:

```
=IF(SUMIFS(E$2:E2,A$2:A2,A2,B$2:B2,B2,C$2:C2,C2)
 >VLOOKUP(C2,Limits!$A:$B,2,FALSE)*G2,"ಮಿತಿ ಮೀರಿದೆ","")
```

ಒಂದು ದಿನವನ್ನೇ ತೆಗೆದುಕೊಳ್ಳಿ. ಊಟ-ತಿಂಡಿಯ ಮಿತಿ 500 ರೂಪಾಯಿ. ಬೆಳಿಗ್ಗೆ 8ಕ್ಕೆ ಉಡುಪಿ ಬಿಟ್ಟವರು ಕಾರ್ಕಳದಿಂದ ಸಂಜೆ ಆರೂವರೆಗೆ ಮರಳಿದ್ದಾರೆ. ಹತ್ತೂವರೆ ಗಂಟೆಯಾದ್ದರಿಂದ ಆ ದಿನದ ಹಕ್ಕು 350. ಬಿಲ್ಲುಗಳು 90, 180, 120. ಬಿಡಿಯಾಗಿ ನೋಡಿದರೆ ಯಾವುದೂ ತಪ್ಪಲ್ಲ. ಸೂತ್ರವಾದರೋ ಮೇಲಿನಿಂದ ಕೂಡುತ್ತ ಬರುತ್ತದೆ: 90, 270, 390. ಮೂರನೆಯ ಸಾಲಿಗೆ ಮಾತ್ರ ಗುರುತು ಬೀಳುತ್ತದೆ, ಹೆಚ್ಚಾದದ್ದು 40 ರೂಪಾಯಿ. E$2:E2 ಎಂದು ಬರೆದಿರುವುದು ಇದಕ್ಕೇ. ಇಡೀ ಕಾಲಂ ಕೊಟ್ಟಿದ್ದರೆ ಬೆಳಗಿನ ಇಡ್ಲಿಯೂ ಅಪರಾಧಿಯಾಗುತ್ತಿತ್ತು. ಸಾಲುಗಳ ಕ್ರಮ ಬದಲಾದರೆ ಗುರುತು ಬೇರೆ ಸಾಲಿಗೆ ಜಿಗಿಯುತ್ತದೆ ಎಂಬುದು ಈ ವಿಧಾನದ ಕೊರತೆ. ದಿನದ ಒಟ್ಟು ಮಾತ್ರ ಬದಲಾಗುವುದಿಲ್ಲ. ಗುರುತು ಬೀಳಬೇಕಾದಲ್ಲಿ ಬೀಳದಿದ್ದರೆ ಮೊದಲು ದಿನಾಂಕ ನೋಡಿ. 05-06 ಎಂದು ಬರೆದದ್ದನ್ನು ಒಂದು ಕಂಪ್ಯೂಟರ್ ಜೂನ್ 5 ಎಂದೂ ಇನ್ನೊಂದು ಮೇ 6 ಎಂದೂ ಓದಬಹುದು.

ಮಿತಿ ಮೀರಿದ ಸಾಲನ್ನು ಶೀಟೇ ತಡೆದುಬಿಟ್ಟರೆ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ತಡೆದರೆ ಖರ್ಚು ನಿಲ್ಲುವುದಿಲ್ಲ, ಅದರ ವಿಳಾಸ ಬದಲಾಗುತ್ತದೆ: ಹೆಚ್ಚುವರಿ 40 ರೂಪಾಯಿ ನಾಳಿನ ದಿನಾಂಕಕ್ಕೋ 'ಇತರೆ'ಗೋ ಹೋಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಕೊನೆಯ ಬಸ್ಸು ತಪ್ಪಿ ಆಟೊ ಹಿಡಿದವರು ಸುಳ್ಳು ಬರೆಯಬೇಕಾಗಬಾರದು. ಹಾಗಾಗಿ ಗುರುತು ಬಿದ್ದ ಸಾಲಿಗೆ ಕಾರಣ ಬರೆಯುವುದು ಕಡ್ಡಾಯ, ಒಪ್ಪುವ ಕೆಲಸ ಮನುಷ್ಯರದು. ಇನ್ನೊಂದು ಆಕ್ಷೇಪ, ರಸ್ತೆ ಬದಿಯ ಚಾ ಅಂಗಡಿಯವರು ಬಿಲ್ ಎಲ್ಲಿ ಕೊಡುತ್ತಾರೆ ಎಂಬುದು. ನಿಜ. 100 ರೂಪಾಯಿವರೆಗೆ ಬಿಲ್ ಬೇಡವೆಂದು ನಿಯಮದಲ್ಲೇ ಬರೆದುಬಿಡಿ. ದಿನದ ಮಿತಿ ಹೇಗೂ ಕಾಯುತ್ತಿರುತ್ತದೆ. ಬಿಲ್ ಇದ್ದಲ್ಲಿ ಅದೇ ಬಿಲ್ ಎರಡು ಸಲ ಬಂದಿದೆಯೇ ಎಂದು J2ರಲ್ಲಿ ನೋಡಬಹುದು:

```
=IF(AND(F2<>"",COUNTIFS(F:F,F2,E:E,E2)>1),"ಮತ್ತೆ ನೋಡಿ","")
```

ಇಲ್ಲಿ 'ತಪ್ಪು' ಎನ್ನದೆ 'ಮತ್ತೆ ನೋಡಿ' ಎಂದಿರುವುದಕ್ಕೆ ಕಾರಣವಿದೆ. ಮಣಿಪಾಲದ ಒಂದು ಹೋಟೆಲು, ಕಾರ್ಕಳದ ಇನ್ನೊಂದು ಹೋಟೆಲು ಎರಡರಲ್ಲೂ 412ನೇ ನಂಬರಿನ 120 ರೂಪಾಯಿ ಬಿಲ್ ಇರಲು ಸಾಧ್ಯ. ಮೂಲ ಬಿಲ್ಲುಗಳನ್ನು ಪಕ್ಕಪಕ್ಕ ಇಟ್ಟರಷ್ಟೇ ಗೊತ್ತಾಗುವುದು. ಥರ್ಮಲ್ ಕಾಗದದ ಬಿಲ್ಲಾದರೆ ತಿಂಗಳ ಕೊನೆಗೆ ಅಕ್ಷರ ಮಾಸಿರಬಹುದು, ಅದಕ್ಕೇ ಖರ್ಚಾದ ದಿನವೇ ಫೋಟೊ ತೆಗೆದಿಡಬೇಕು.