ತಾತನ ನುಡಿನಮನ ಓದುವ ಮುನ್ನ

ತಾತನ ವರ್ಷದ ಕಾರ್ಯದಲ್ಲಿ ಎದ್ದು ನಿಂತು ಓದುವವರು ಎಡವುವುದು ಒಂದೇ ಕಡೆ: ‘ಶ್ರಮಜೀವಿ, ಕರುಣಾಮಯಿ, ಅಜಾತಶತ್ರು’ ಎಂದು ಬರೆದುಬಿಡುತ್ತಾರೆ. ಅದು ಯಾರ ತಾತನಿಗಾದರೂ ಒಪ್ಪುತ್ತದೆ. ನಿಮ್ಮ ತಾತ ಉಳ್ಳಾರ್ತಿ ಕಾವಲಿನಲ್ಲಿ ಕುರಿ ಮೇಯಿಸಿದವರಾದರೆ, ಆ ಕಾವಲಿನ ಸುತ್ತ ಗೋಡೆ ಏಳುವ ಮೊದಲು ಮಂದೆಯನ್ನು ಯಾವ ದಾರಿಯಲ್ಲಿ ಹೊಡೆಯುತ್ತಿದ್ದರು, ಅಡವಿಯಲ್ಲೇ ಈದ ಕುರಿಯ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಹೇಗೆ ಹೊತ್ತು ತರುತ್ತಿದ್ದರು, ಅದನ್ನು ಬರೆಯಿರಿ. ಒಂದೇ ಪ್ರಸಂಗ ಸಾಕು, ಆದರೆ ಪೂರ್ತಿ ಹೇಳಿ. ಬರೆದದ್ದನ್ನು ಮೊದಲು ಅಜ್ಜಿಗೆ ಓದಿ, ಇಸವಿ, ಹೆಸರು ತಿದ್ದಿಸಿಕೊಳ್ಳಿ. ಇಲ್ಲದಿದ್ದರೆ ಹಿರಿಯರು ನಡುವೆಯೇ ತಿದ್ದುತ್ತಾರೆ, ಮಾತಿನ ಎಳೆ ಕಡಿಯುತ್ತದೆ. ಹೊಲದ ಪಾಲಿನ ವಿಷಯ ಅಲ್ಲಿ ಎತ್ತಲೇಬೇಡಿ. ಮೂರು ನಿಮಿಷ ಮೀರಬೇಡಿ, ಊಟಕ್ಕೆ ಕಾದವರಿರುತ್ತಾರೆ. ಗಂಟಲು ಕಟ್ಟಿದರೆ ಮುಂದಿನ ಸಾಲು ಓದಲು ತಂಗಿಯ ಕೈಗೂ ಒಂದು ಪ್ರತಿ ಕೊಟ್ಟಿರಿ.